ದೊಡ್ಡಮ್ಮ ಹೇಳಿದ್ದು ಒಂದು, ಫೋನು ಬರೆದದ್ದು ಇನ್ನೊಂದು

ಒಂದು ದಿನ ಬೆಳಗ್ಗೆ ದೊಡ್ಡಮ್ಮನಿಂದ ವಾಟ್ಸಾಪಿಗೆ ಹೀಗೊಂದು ಮೆಸೇಜು ಬಂತು:

"ಅಣ್ಣ ಕೊಳೀತಾ ಇದೆ ಬೆಳೆ ಇಲ್ಲ ಮಂಡೀಲಿ ಕೊಲ್ಲೋರಿಲ್ಲ ಬಾಕ್ಸ್ 20ಕ್ಕೆ ಕೇಳ್ತಾರೆ ದೊಡ್ಡಪ್ಪ ನಾನು ಹಾಕಲ್ಲ ಅಂತಾರೆ ಅಕ್ಕನ ಮನೆಗೆ ಹೋಗಿ ಶನಿವಾರ ಬರ್ತೀಯ ಸೋಪು ಕಿತ್ತು ಇಟ್ಟಿರ್ತೀನಿ ದುಡ್ಡು ಕಳಿಸಲಿ"

ಮೊದಲ ಸಲ ಓದಿದಾಗ ಎದೆ ಧಸಕ್ಕೆಂದಿತು. ಯಾವ ಅಣ್ಣ? ಏನು ಕೊಳೀತಾ ಇದೆ? ಎರಡನೇ ಸಲ ಓದಿದಾಗ ನಗು ಬಂತು. ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಟೊಮೇಟೊ ಬೆಳೆಯುವ ನಮ್ಮ ದೊಡ್ಡಮ್ಮ ಏಳನೇ ಕ್ಲಾಸು ಓದಿದವರು. ಕನ್ನಡ ಚೆನ್ನಾಗಿ ಓದುತ್ತಾರೆ. ಆದರೆ ಫೋನಿನಲ್ಲಿ ಒತ್ತಕ್ಷರ ಹುಡುಕಿ ಟೈಪ್ ಮಾಡೋದು ಅವರಿಗೆ ಆಗದ ಕೆಲಸ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡ ಸೇರಿದಂತೆ ನಮ್ಮ ದೇಶದ ಇನ್ನೂ ಎಂಟು ಭಾಷೆಗಳಿಗೆ ಧ್ವನಿ ಟೈಪಿಂಗ್ ತಂದಿತು. ಅದಾಗಿ ಕೆಲವು ವರ್ಷಕ್ಕೆ ಮೊಮ್ಮಗ ಕೀಬೋರ್ಡಿನ ಮೂಲೆಯಲ್ಲಿರುವ ಮೈಕಿನ ಚಿತ್ರ ತೋರಿಸಿಕೊಟ್ಟ. ಅಂದಿನಿಂದ ಅವರು ಬರೆಯುವುದಿಲ್ಲ, ಫೋನಿಗೆ ಹೇಳಿ ಬರೆಸುತ್ತಾರೆ. ಆ ಗುಮಾಸ್ತನಿಗೆ ಕಿವಿ ಸ್ವಲ್ಪ ಮಂದ.

ಇಂಥ ಮೆಸೇಜನ್ನು ಬಿಡಿಸುವುದಕ್ಕೆ ಒಂದು ವಿಷಯ ಮೊದಲು ತಿಳಿದಿರಬೇಕು. ಕೈಯಲ್ಲಿ ಟೈಪ್ ಮಾಡಿದಾಗ ಆಗುವ ತಪ್ಪು ಕಣ್ಣಿಗೆ ತಕ್ಷಣ ಕಾಣುತ್ತದೆ. ಪಕ್ಕದ ಕೀ ಒತ್ತಿದರೆ 'ಹಣ್ಣು' ಎಂಬುದು 'ಹಣ್ಣಿಉ' ಅಂತ ಏನೋ ಆಗುತ್ತದೆ, ಅದು ಪದವೇ ಅಲ್ಲ ಅಂತ ಗೊತ್ತಾಗುತ್ತದೆ. ದನಿಯ ತಪ್ಪು ಹಾಗಲ್ಲ. ಅಲ್ಲಿ ಕಾಗುಣಿತ ಸರಿಯಾಗೇ ಇರುತ್ತದೆ. ಅಣ್ಣ, ಬೆಳೆ, ಸೋಪು, ಎಲ್ಲವೂ ನಿಜವಾದ ಪದಗಳೇ. ಆದರೆ ಹೇಳಿದ ಪದಗಳಲ್ಲ.

ಯಾಕೆ ಹೀಗೆ? ಫೋನು ನಮ್ಮ ದನಿಯನ್ನು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಸಣ್ಣ ಚೂರುಗಳಾಗಿ ನೋಡುತ್ತದೆ. ಪ್ರತಿ ಚೂರು ಯಾವ ಉಚ್ಚಾರಕ್ಕೆ ಎಷ್ಟು ಹತ್ತಿರ ಇದೆ ಅಂತ ಅಳೆಯುತ್ತದೆ. ಇಷ್ಟೇ ಆಗಿದ್ದರೆ ಕೇಳಿದ್ದನ್ನು ಕೇಳಿದ ಹಾಗೇ ಗೀಚುತ್ತಿತ್ತು. ಆದರೆ ಅದರ ಜೊತೆಗೆ ಇನ್ನೊಂದು ಲೆಕ್ಕವೂ ನಡೆಯುತ್ತದೆ. ಈ ಪದ ಎಷ್ಟು ಬಳಕೆಯಲ್ಲಿದೆ, ಇದರ ಹಿಂದೆ ಮುಂದೆ ಸಾಮಾನ್ಯವಾಗಿ ಏನು ಬರುತ್ತದೆ ಅನ್ನುವ ಲೆಕ್ಕ. ದನಿ ಸ್ಪಷ್ಟವಾಗಿದ್ದರೆ ಮೊದಲನೆಯದು ಗೆಲ್ಲುತ್ತದೆ. ಗಾಳಿ, ಟ್ರ್ಯಾಕ್ಟರ್ ಸದ್ದು, ಅವಸರದ ಮಾತು ಇದ್ದರೆ ಎರಡನೆಯದು ಗೆಲ್ಲುತ್ತದೆ. ಆಗ ಫೋನು ತಾನು ಕೇಳಿದ್ದಕ್ಕಿಂತ ತನಗೆ ರೂಢಿಯಿರುವುದನ್ನೇ ಬರೆದುಬಿಡುತ್ತದೆ. ನೀವು ಮಾತಾಡುತ್ತಿರುವಾಗಲೇ ಮೊದಲು ಬಂದ ಪದ ತಾನಾಗಿ ಬದಲಾಗುವುದನ್ನು ನೋಡಿರಬಹುದು. ಮುಂದಿನ ಪದ ಕೇಳಿಸಿದ ಮೇಲೆ ಹಿಂದಿನದರ ಬಗ್ಗೆ ಅದು ಮನಸ್ಸು ಬದಲಾಯಿಸುತ್ತಿರುತ್ತದೆ.

ಹಾಗಾಗಿ ಇಂಥ ಮೆಸೇಜನ್ನು ಕಣ್ಣಿನಿಂದ ಓದಬಾರದು, ಬಾಯಿಂದ ಓದಬೇಕು. ಜೋರಾಗಿ, ಸ್ವಲ್ಪ ವೇಗವಾಗಿ, ಆದಷ್ಟೂ ಕಳಿಸಿದವರ ಧಾಟಿಯಲ್ಲೇ. ನಾನು ದೊಡ್ಡಮ್ಮನ ಹಾಗೆ ಹೇಳಿ ನೋಡಿದೆ. ಅವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹತ್ತು ಅತ್ತು, ಹಣ್ಣು ಅಣ್ಣು. ಕೊನೆಯ ಉಕಾರವೂ ಅರ್ಧಂಬರ್ಧ. ಅಣ್ಣು ಅನ್ನುವ ಪದ ಫೋನಿನ ರೂಢಿಯಲ್ಲಿಲ್ಲ, ಅಣ್ಣ ಬೇಕಾದಷ್ಟು ಇದ್ದಾನೆ. ಬರೆದುಬಿಟ್ಟಿತು. ನಮ್ಮ ಕಡೆ ಟೊಮೇಟೊವನ್ನು ಸುಮ್ನೆ 'ಹಣ್ಣು' ಅಂದರೆ ಸಾಕು.

ಬಾಯಿಗೆ ಹೊಂದಿತು ಅಂದ ಮಾತ್ರಕ್ಕೆ ಊಹೆ ಸರಿ ಅಂತ ಅಲ್ಲ. ಸಾಕ್ಷಿ ಬೇಕು. ಕನ್ನಡದಲ್ಲಿ ಆ ಸಾಕ್ಷಿ ಕ್ರಿಯಾಪದದಲ್ಲೇ ಕೂತಿರುತ್ತದೆ. ಅಣ್ಣ ಆಗಿದ್ದರೆ 'ಇದ್ದಾನೆ' ಅನ್ನಬೇಕಿತ್ತು. ಇಲ್ಲಿ 'ಇದೆ' ಅಂತ ಇದೆ. ಅಂದರೆ ಕೊಳೆಯುತ್ತಿರುವುದು ಮನುಷ್ಯನಲ್ಲ, ವಸ್ತು. ಎರಡು ಅಕ್ಷರದ ಪದ ಮೋಸ ಮಾಡಬಹುದು, ಆದರೆ ಅದಕ್ಕೆ ತಕ್ಕ ಹಾಗೆ ಕ್ರಿಯಾಪದದ ಕೊನೆಯೂ ತಪ್ಪಾಗಿ ಬೀಳುವುದು ಅಪರೂಪ. "ಅಣ್ಣ, ಕೊಳೀತಾ ಇದೆ" ಅಂತ ನನ್ನನ್ನೇ ಕರೆದಿರಬಹುದಲ್ವಾ ಅಂತ ನೀವು ಕೇಳಬಹುದು. ವ್ಯಾಕರಣದ ಪ್ರಕಾರ ಆಗುತ್ತದೆ. ಆದರೆ ದೊಡ್ಡಮ್ಮ ನನ್ನನ್ನು ಕರೆಯುವುದು 'ಮಗಾ' ಅಂತ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಣ್ಣ ಅಂದಿಲ್ಲ.

ಸೋಪಿನದೂ ಇದೇ ಕತೆ. ಸೊಪ್ಪು ಅನ್ನುವಲ್ಲಿ ಮೊದಲ ಸ್ವರ ಗಿಡ್ಡ, ಆಮೇಲಿನ 'ಪ' ಒತ್ತು. ಅವಸರದಲ್ಲಿ ಒತ್ತು ಸಡಿಲವಾದರೆ ಸ್ವರ ಉದ್ದವಾದ ಹಾಗೆ ಕೇಳಿಸುತ್ತದೆ, ಸೊಪ್ಪು ಸೋಪಾಗುತ್ತದೆ. ಒತ್ತು ಸಡಿಲವಾಗಿ ಕತ್ತೆ ಕತೆಯಾಗುವುದೂ ಹೀಗೇ. ಆದರೆ ಪಕ್ಕದ ಪದ ನೋಡಿ: 'ಕಿತ್ತು'. ಸೋಪನ್ನು ಯಾರೂ ಕೀಳುವುದಿಲ್ಲ.

ಇನ್ನು ಲಕಾರ ಮತ್ತು ಳಕಾರ. ಲಕಾರಕ್ಕೆ ನಾಲಿಗೆ ಹಲ್ಲಿನ ಹತ್ತಿರ ತಾಗುತ್ತದೆ, ಳಕಾರಕ್ಕೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಎದುರು ಕೂತು ಕೇಳುವವರಿಗೆ ವ್ಯತ್ಯಾಸ ಸಾಕಷ್ಟಿದೆ. ದೂರ ಹಿಡಿದ ಫೋನಿಗೆ, ಗಾಳಿಯ ನಡುವೆ, ಅಷ್ಟಿಲ್ಲ. ಕನ್ನಡದಲ್ಲಿ ಈ ಒಂದು ಅಕ್ಷರದಿಂದ ಅರ್ಥ ಅಡಿಮೇಲಾಗುವ ಜೋಡಿಗಳು ಬೇಜಾನ್ ಇವೆ. ಹಳ್ಳಿ ಹಲ್ಲಿಯಾಗುತ್ತದೆ, ಹಾಲು ಹಾಳಾಗುತ್ತದೆ, ಕಾಳು ಕಾಲಾಗುತ್ತದೆ. 'ಮಂಡೀಲಿ ಕೊಲ್ಲೋರಿಲ್ಲ' ಅನ್ನುವುದನ್ನು ಬಿಡಿಸೋಕೆ ಕಷ್ಟವೇನಿಲ್ಲ, ಕೊಳ್ಳುವವರಿಲ್ಲ. ಆದರೆ 'ಬೆಳೆ ಇಲ್ಲ' ಅನ್ನುವಲ್ಲಿ ಒಂದು ನಿಮಿಷ ನಿಂತೆ. ಬೆಳೆ ಇಲ್ಲ, ಬೆಲೆ ಇಲ್ಲ, ಎರಡೂ ರೈತರ ಮನೆಯಲ್ಲಿ ದಿನಾ ಆಡುವ ಮಾತೇ. ಕ್ರಿಯಾಪದವೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಎರಡಕ್ಕೂ 'ಇಲ್ಲ' ಹೊಂದುತ್ತದೆ. ಆಗ ಅಕ್ಕಪಕ್ಕದ ಮಾತು ನೋಡಬೇಕು. ಬೆಳೆಯೇ ಇಲ್ಲದಿದ್ದರೆ ಕೊಳೆಯುವುದು ಏನು? ಮುಂದೆ ಬರುವುದು ಮಂಡಿ, ಬಾಕ್ಸಿನ ರೇಟು. ಹಾಗಾಗಿ ಬೆಲೆ.

ಈಗ ಚಿಹ್ನೆಗಳ ವಿಷಯ. ಮೆಸೇಜಿನಲ್ಲಿ ಒಂದು ಚುಕ್ಕಿ ಇಲ್ಲ, ಒಂದು ಪ್ರಶ್ನೆ ಗುರುತಿಲ್ಲ. ಮಾತಾಡುವಾಗ ನಾವು ಚುಕ್ಕಿ ಇಡುವುದಿಲ್ಲ. ಉಸಿರು ತಗೊಳ್ಳುತ್ತೇವೆ, ದನಿ ಏರಿಸಿ ಇಳಿಸುತ್ತೇವೆ. ಅದೆಲ್ಲ ಅಕ್ಷರವಾಗುವಾಗ ಕಳಚಿ ಬೀಳುತ್ತದೆ. ಇದು ದೊಡ್ಡ ನಷ್ಟ ಅಂತ ಅನಿಸುತ್ತದೆ, ಆದರೆ ಕನ್ನಡದ ಮಟ್ಟಿಗೆ ಅಷ್ಟೇನಲ್ಲ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇದೆ, ಇಲ್ಲ, ಕೇಳ್ತಾರೆ, ಅಂತಾರೆ, ಬರ್ತೀಯ: ಹೀಗೆ ಪೂರ್ಣಗೊಂಡ ಕ್ರಿಯಾಪದ ಸಿಕ್ಕಲ್ಲೆಲ್ಲ ಒಂದು ಚುಕ್ಕಿ ಇಡುತ್ತಾ ಹೋದರೆ ಮುಕ್ಕಾಲು ಮೆಸೇಜು ತಾನಾಗಿ ಬಿಡಿಬಿಡಿಯಾಗುತ್ತದೆ. ಮಾಡಿ ನೋಡಿ.

ಎರಡು ಕಡೆ ಮಾತ್ರ ಹುಷಾರಾಗಿರಬೇಕು. ಒಂದು, 'ಹೋಗಿ' ಥರದ ಪದಗಳು. "ಅಕ್ಕನ ಮನೆಗೆ ಹೋಗಿ" ಅಂದರೆ 'ನೀವು ಹೋಗಿ' ಅಂತ ಹೇಳಿದ್ದೂ ಆಗಬಹುದು, 'ಹೋಗಿಬಿಟ್ಟು ಆಮೇಲೆ' ಅಂತಲೂ ಆಗಬಹುದು. ಮೊದಲನೆಯದಾದರೆ ಅಲ್ಲಿ ಚುಕ್ಕಿ ಬೀಳಬೇಕು, ಎರಡನೆಯದಾದರೆ ಮಾತು ಮುಂದುವರಿಯಬೇಕು. ಅಕ್ಷರ ಒಂದೇ. ಇಲ್ಲಿ ನನ್ನನ್ನು ಕಾಪಾಡಿದ್ದು ಮುಂದಿನ 'ಬರ್ತೀಯ'. ದೊಡ್ಡಮ್ಮ ನನ್ನನ್ನು ನೀನು ಅಂತಾರೆ. ನನಗೆ ಹೋಗಲು ಹೇಳುವುದಾದರೆ 'ಹೋಗು' ಅನ್ನುತ್ತಿದ್ದರು. ಅಂದಮೇಲೆ ಇದು ಒಂದೇ ವಾಕ್ಯ: ಅಕ್ಕನ ಮನೆಗೆ ಹೋಗಿಬಿಟ್ಟು ಶನಿವಾರ ಇಲ್ಲಿಗೆ ಬರ್ತೀಯಾ? ನೀವು ಅಂತ ಮಾತಾಡಿಸುವವರ ಮೆಸೇಜಿನಲ್ಲಿ ಈ ಆಧಾರ ಸಿಗುವುದಿಲ್ಲ.

ಇನ್ನೊಂದು, ಮಾತಿನಲ್ಲಿ ಕ್ರಿಯಾಪದ ಯಾವಾಗಲೂ ಕೊನೆಗೇ ಬರುವುದಿಲ್ಲ ಅನ್ನುವುದು. "ಬಂದಿದ್ರು ಮೇಷ್ಟ್ರು ಸಂಜೆ ಸಿಕ್ತಾರಂತೆ" ಅಂತ ಒಂದು ಮೆಸೇಜು ಇದ್ದರೆ ಮೇಷ್ಟ್ರು ಸಂಜೆ ಬಂದಿದ್ದರೋ, ಸಂಜೆ ಸಿಗುತ್ತಾರೋ? ಮರೆತಿದ್ದನ್ನು ಆಮೇಲೆ ಸೇರಿಸುವುದು ಮಾತಿನ ಗುಣ. ಬರೆಯುವಾಗ ತಿದ್ದಿಕೊಳ್ಳುತ್ತೇವೆ, ಮೈಕಿಗೆ ಹೇಳುವಾಗ ತಿದ್ದುವುದಿಲ್ಲ. ಕ್ರಿಯಾಪದ ಆದ ಕೂಡಲೇ ಒಂದು ಹೆಸರೋ ಹೊತ್ತೋ ಬಂದರೆ ಅದನ್ನು ಎರಡೂ ಕಡೆಗೆ ಅಂಟಿಸಿ ಓದಿ ನೋಡಬೇಕು.

'ಅಂತ', 'ಅಂತಾರೆ', 'ಅಂದ್ರು' ಇವು ಉದ್ಧರಣ ಚಿಹ್ನೆಯ ಕೆಲಸ ಮಾಡುತ್ತವೆ. ಆದರೆ ಮುಚ್ಚುವ ಚಿಹ್ನೆ ಮಾತ್ರ, ತೆರೆಯುವುದು ಎಲ್ಲಿ ಅಂತ ನಾವೇ ಹುಡುಕಬೇಕು. "ದೊಡ್ಡಪ್ಪ ನಾನು ಹಾಕಲ್ಲ ಅಂತಾರೆ." ಇಲ್ಲಿ 'ನಾನು' ಯಾರು? ದೊಡ್ಡಪ್ಪ ತಾನು ಮಂಡಿಗೆ ಹಾಕುವುದಿಲ್ಲ ಅಂದರೋ, ಅಥವಾ ದೊಡ್ಡಮ್ಮ ಹಾಕುತ್ತಿಲ್ಲ ಅಂತ ದೂರಿದರೋ? ಮಂಡಿ ವ್ಯವಹಾರವೆಲ್ಲ ದೊಡ್ಡಪ್ಪನದು ಅಂತ ಗೊತ್ತಿರುವುದರಿಂದ ನನಗೆ ಸಮಸ್ಯೆ ಆಗಲಿಲ್ಲ. ಗೊತ್ತಿಲ್ಲದವರ ಮೆಸೇಜಾಗಿದ್ದರೆ ಖಂಡಿತ ಕೇಳುತ್ತಿದ್ದೆ.

ಪ್ರಶ್ನೆ ಗುರುತು ಕಾಣೆಯಾದರೂ ಕನ್ನಡದಲ್ಲಿ ಪ್ರಶ್ನೆ ಪದದೊಳಗೇ ಇರುತ್ತದೆ: ಬರ್ತೀಯಾ, ಬರ್ತಾರಾ, ಇದ್ಯಾ. ಆದರೆ ಆ ಪ್ರಶ್ನೆ ನಿಂತಿರುವುದು ಕೊನೆಯ ಒಂದು ದೀರ್ಘದ ಮೇಲೆ. ಫೋನು ಅದನ್ನು ಗಿಡ್ಡ ಮಾಡಿದರೆ 'ಶನಿವಾರ ಬರ್ತೀಯ' ಅನ್ನುವುದು ಕೇಳಿದ್ದೋ, ಬಾ ಅಂತ ತೀರ್ಮಾನಿಸಿ ಹೇಳಿದ್ದೋ ತಿಳಿಯುವುದಿಲ್ಲ. ಎರಡಕ್ಕೂ "ಬರ್ತೀನಿ" ಅಂತ ಉತ್ತರ ಕೊಟ್ಟರೆ ಆಯಿತು, ಹಾಗಾಗಿ ಇಲ್ಲಿ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲ ಗೊಂದಲವನ್ನೂ ಬಿಡಿಸಲೇಬೇಕು ಅಂತೇನಿಲ್ಲ. ಯಾವ ಅರ್ಥ ತಗೊಂಡರೂ ಮಾಡುವ ಕೆಲಸ ಒಂದೇ ಆದರೆ ಸುಮ್ಮನೆ ಮುಂದೆ ಹೋಗಬಹುದು.

ನಾನು ಎಡವಿದ್ದು ಕೊನೆಯ ಎರಡು ಪದಗಳಲ್ಲಿ. "ದುಡ್ಡು ಕಳಿಸಲಿ."

ಯಾರು, ಯಾರಿಗೆ ಅಂತ ಇಲ್ಲ. ಬೆಲೆ ಬಿದ್ದಿದೆ, ಹಣ್ಣು ಕೊಳೆಯುತ್ತಿದೆ, ಮನೆಯಲ್ಲಿ ಕೈ ಕಟ್ಟಿದೆ. 'ಮಗ ಒಂಚೂರು ದುಡ್ಡು ಕಳಿಸಲಿ' ಅಂತ ಸಂಕೋಚದಿಂದ ಹೇಳಿದ್ದಾರೆ ಅಂತ ಓದಿಕೊಂಡೆ. ಬಾಯಿಬಿಟ್ಟು ಕೇಳುವವರಲ್ಲ, ಪಾಪ, ಅಂದುಕೊಂಡೆ. 5000 ರೂಪಾಯಿ ಅವರ ಅಕೌಂಟಿಗೆ ಹಾಕಿಯೂಬಿಟ್ಟೆ. ಸಂಜೆ ಫೋನು ಬಂತು. "ಏನ್ ಮಗಾ, ನಾನೇನ್ ಭಿಕ್ಷೆ ಕೇಳಿದ್ನಾ ನಿನ್ನ?" ಅವರು ಹೇಳಿದ್ದು 'ದುಡ್ಡು ಕಳಿಸಲಿಲ್ಲ' ಅಂತ. ಹಿಂದಿನ ತಿಂಗಳು ಹಾಕಿದ ಮಾಲಿನ ದುಡ್ಡನ್ನು ಮಂಡಿಯವರು ಇನ್ನೂ ಕಳಿಸಿರಲಿಲ್ಲ. ಫೋನು ಕೊನೆಯ 'ಇಲ್ಲ'ವನ್ನು ನುಂಗಿತ್ತು.

ಇದು ಆಕಸ್ಮಿಕ ಅಲ್ಲ. ಕಳಿಸಲಾ, ಕಳಿಸಲಿ, ಕಳಿಸಲ್ಲ, ಕಳಿಸಲಿಲ್ಲ, ಈ ನಾಲ್ಕನ್ನೂ ಬಾಯಿಂದ ಹೇಳಿ ನೋಡಿ. 'ಕಳಿಸಲ' ಅನ್ನುವವರೆಗೆ ಎಲ್ಲ ಹೆಚ್ಚುಕಮ್ಮಿ ಒಂದೇ. ಅನುಮತಿ ಕೇಳುವುದು, ಕಳಿಸಲು ಹೇಳುವುದು, ಮುಂದೆ ಕಳಿಸೋದಿಲ್ಲ ಅನ್ನುವುದು, ಹಿಂದೆ ಕಳಿಸಿಲ್ಲ ಅನ್ನುವುದು, ಈ ಎಲ್ಲ ವ್ಯತ್ಯಾಸ ಇರುವುದು ಬಾಲದಲ್ಲಿ. ಇಂಗ್ಲಿಷಿನಲ್ಲಿ ನಿಷೇಧದ 'ನಾಟ್' ಸಾಮಾನ್ಯವಾಗಿ ಮುಖ್ಯ ಕ್ರಿಯಾಪದಕ್ಕೆ ಮುಂಚೆಯೇ ಬಂದುಬಿಡುತ್ತದೆ. ನಮ್ಮಲ್ಲಿ ಹೌದೋ ಅಲ್ಲವೋ, ಕೇಳಿದ್ದೋ ಹೇಳಿದ್ದೋ, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಎಲ್ಲ ಕಟ್ಟಕಡೆಗೆ. ಮಾತಾಡುವಾಗ ಉಸಿರು ಕಮ್ಮಿಯಾಗಿ ದನಿ ಇಳಿಯುವುದೂ ಅಲ್ಲೇ. ಹೇಳಿ ಮುಗೀತು ಅಂತ ಬೆರಳು ಮೈಕಿನಿಂದ ಏಳುವುದೂ ಅಲ್ಲೇ. ವಾಕ್ಯದ ಅತಿ ಮುಖ್ಯ ಭಾಗ ಅತಿ ಮೆತ್ತಗಿನ ದನಿಯಲ್ಲಿ ಬರುತ್ತದೆ. ಮಂದ ಕಿವಿಯ ಗುಮಾಸ್ತ ಅಲ್ಲೇ ಪೆನ್ನು ಮುಚ್ಚುತ್ತಾನೆ.

ಈ ತಪ್ಪಿನ ಕೆಟ್ಟ ಗುಣ ಏನೆಂದರೆ ಇದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ಅಣ್ಣ ಕೊಳೆತರೆ ಯಾರಾದರೂ ನಿಲ್ಲುತ್ತಾರೆ. 'ಕಳಿಸಲಿ' ಅಂದರೆ ಯಾರೂ ನಿಲ್ಲುವುದಿಲ್ಲ. ಹಾಸ್ಯಾಸ್ಪದ ತಪ್ಪು ತನ್ನನ್ನು ತಾನೇ ಹಿಡಿದುಕೊಡುತ್ತದೆ. ಅರ್ಥ ಸರಾಗವಾಗಿ ಬರುವ ತಪ್ಪೇ ದುಡ್ಡು ಖರ್ಚು ಮಾಡಿಸುವುದು. ಅದಕ್ಕೇ ಈಗ ನಾನು ಧ್ವನಿಯಲ್ಲಿ ಬರೆಸಿದ ಮೆಸೇಜು ಬಂದರೆ ನಡುವಿನ ಪದಗಳನ್ನು ಧೈರ್ಯವಾಗಿ ಊಹಿಸುತ್ತೇನೆ, ಬಾಲವನ್ನು ಊಹಿಸುವುದಿಲ್ಲ. ಕೊನೆಯ ಪದಕ್ಕೆ ಒಂದು 'ಇಲ್ಲ' ಸೇರಿಸಿ ಓದುತ್ತೇನೆ, ಒಂದು ದೀರ್ಘ ಎಳೆದು ಓದುತ್ತೇನೆ. ಹಾಗೆ ಓದಿದರೂ ಅರ್ಥ ಬರುತ್ತದೆ ಅಂತಾದರೆ, ಮತ್ತು ಅದರ ಮೇಲೆ ನಾನೇನಾದರೂ ಮಾಡಬೇಕಾಗಿದ್ದರೆ, ಕೇಳಿಬಿಡುತ್ತೇನೆ. ಮಾತ್ರೆ ನಿಲ್ಲಿಸಲಿ, ನಿಲ್ಲಿಸಲಿಲ್ಲ ಅನ್ನುವಂಥ ಮೆಸೇಜಾದರೆ ಊಹೆಯ ಪ್ರಶ್ನೆಯೇ ಇಲ್ಲ, ಫೋನು ಮಾಡಬೇಕು.

ಬಾಲದಷ್ಟೇ ಅಪಾಯದ್ದು ಅಂಕಿ. ವಾಕ್ಯದ ಉಳಿದ ಭಾಗ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಸೋಪಿಗೆ 'ಕಿತ್ತು' ಸಾಕ್ಷಿಯಾಯಿತು, 20ಕ್ಕೆ ಯಾವುದು ಸಾಕ್ಷಿ? ಅದರ ಮೇಲೆ ಫೋನು ಪದವನ್ನು ಅಂಕಿಯಾಗಿ ಬರೆದುಬಿಟ್ಟರೆ ಕೇಳಿಸಿದ್ದರ ಗುರುತೇ ಅಳಿಸಿಹೋಗುತ್ತದೆ. 20 ಮತ್ತು 70 ಕಣ್ಣಿಗೆ ಬೇರೆಬೇರೆ. ಮತ್ತೆ ಪದ ಮಾಡಿಕೊಂಡರೆ ಇಪ್ಪತ್ತು, ಎಪ್ಪತ್ತು. ಮೊದಲ ಸ್ವರ ಒಂದು ಬಿಟ್ಟರೆ ಎಲ್ಲ ಒಂದೇ. ಎಂಬತ್ತು ತೊಂಬತ್ತು, ಇನ್ನೂರು ಮುನ್ನೂರು ಕೂಡ ಇದೇ ಜಾತಿ. ಹಾಗಾಗಿ ಅಂಕಿ ಕಂಡರೆ ಮೊದಲು ಅದನ್ನು ಪದವಾಗಿ ಹೇಳಿಕೊಳ್ಳಬೇಕು, ಆಮೇಲೆ ಅದರ ಪ್ರಾಸದ ಅಣ್ಣತಮ್ಮಂದಿರನ್ನು ನೆನೆಯಬೇಕು. ನಮ್ಮ ಕಡೆ ಬಾಕ್ಸ್ ಅಂದರೆ ಸುಮಾರು ಹದಿನೈದು ಕೆಜಿ. ಬೆಲೆ ನೆಲ ಕಚ್ಚಿದ ದಿನ ಎಪ್ಪತ್ತೂ ಇರಬಹುದು, ಇಪ್ಪತ್ತು ಅಂದರೂ ನಾನು ನಂಬುತ್ತಿದ್ದೆ. ಅಂದರೆ ಇದನ್ನು ಊಹಿಸಲು ದಾರಿಯೇ ಇಲ್ಲ.

ಫೋನಿನಲ್ಲಿ ಬೈಸಿಕೊಂಡ ಗಡಿಬಿಡಿಯಲ್ಲಿ ರೇಟು ಕೇಳುವುದು ಮರೆತೇಹೋಗಿತ್ತು. ಮತ್ತೆ ಮಾಡುವ ಧೈರ್ಯ ಇರಲಿಲ್ಲ, ಮೆಸೇಜೇ ಸರಿ ಅನ್ನಿಸಿತು. ಇಲ್ಲಿ ಒಂದು ಉಪಾಯ ಇದೆ. "ಇಪ್ಪತ್ತಾ ಎಪ್ಪತ್ತಾ?" ಅಂತ ಕೇಳಬಾರದು. ಅವರು ಉತ್ತರವನ್ನೂ ಅದೇ ಮೈಕಿಗೆ ಹೇಳುತ್ತಾರೆ, ಅದೇ ಕಿವಿ ಅದನ್ನೂ ಕೇಳಿಸಿಕೊಳ್ಳುತ್ತದೆ. ಉತ್ತರ ಬೇರೆ ಸದ್ದಿನ ಪದದಲ್ಲಿ ಬರುವ ಹಾಗೆ ಕೇಳಬೇಕು. ದುಡ್ಡಿನ ವಿಷಯದಲ್ಲೂ "ಕಳಿಸಿದ್ರಾ ಕಳಿಸಲಿಲ್ವಾ" ಅನ್ನುವ ಬದಲು "ದುಡ್ಡು ಬಂತಾ, ಬಾಕಿ ಇದ್ಯಾ" ಅಂತ ಕೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. 'ಬಂತು' ಮತ್ತು 'ಬಾಕಿ' ಒಂದಕ್ಕೊಂದು ಅದಲುಬದಲಾಗುವುದು ಕಷ್ಟ. ಹಾಗೇ ಇನ್ನೊಂದು: "ನೀವು ಕಳಿಸಿದ್ದು ಅರ್ಥ ಆಗಲಿಲ್ಲ" ಅಂತ ಬರೆದರೆ ಅವರು ಇಡೀ ಮೆಸೇಜನ್ನು ಮತ್ತೆ ಹೇಳುತ್ತಾರೆ, ಹೊಸ ತಪ್ಪುಗಳ ಜೊತೆ. ಗೊಂದಲ ಇರುವ ಒಂದೇ ಜಾಗ ಹಿಡಿದು ಕೇಳುವುದು ವಾಸಿ.

ದೊಡ್ಡಮ್ಮನಿಗೆ ಬರೆದೆ: "ಶನಿವಾರ ಬರ್ತೀನಿ ದೊಡ್ಡಮ್ಮ. ಸೊಪ್ಪು ಇಟ್ಟಿರಿ. ಬಾಕ್ಸಿಗೆ ಐವತ್ತಕ್ಕಿಂತ ಜಾಸ್ತಿ ಕೇಳ್ತಾರಾ, ಕಮ್ಮಿನಾ?"

ಹತ್ತು ನಿಮಿಷಕ್ಕೆ ಉತ್ತರ ಬಂತು:

"ಜಾಸ್ತಿ ಮಗ ಜಾಸ್ತಿ 20 ಅಂತ ಬೆಳಗ್ಗೆನೇ ಹೇಳಿದ್ನಲ್ಲ"